ಖಾದರಬಾಷಾ ಅವರ ಹೆಸರಿಗಿದ್ದ ಕೆಲಸ

ಸೋಮವಾರದ ಮೀಟಿಂಗ್ ಮುಗಿದು ಎಲ್ಲರೂ ಚಹಾಕ್ಕೆ ಎದ್ದರೂ ಅಲೀಮಾ ಕಂಪ್ಯೂಟರ್ ಮುಂದೆಯೇ ಕುಳಿತಿದ್ದಳು. ಬಾದಾಮಿಯ ಆ ಸಂಸ್ಥೆ ಹಳ್ಳಿಗಳಲ್ಲಿ ಕಣ್ಣಿನ ಶಿಬಿರ ನಡೆಸುತ್ತಿತ್ತು. ಮೀಟಿಂಗಿನಲ್ಲಿ ಆದದ್ದನ್ನು ಬರೆದು ಎಲ್ಲರಿಗೂ ಮೇಲ್ ಕಳಿಸುವುದು ಅವಳ ಪಾಲಿನ ಕೆಲಸ. ಮೇಲೆ ತೀರ್ಮಾನಗಳು, ಕೆಳಗೆ ಮಾಡಬೇಕಾದ ಕೆಲಸಗಳು, ಪ್ರತಿ ಕೆಲಸದ ಮುಂದೆ ಒಬ್ಬರ ಹೆಸರು, ಒಂದು ಗಡುವು. ಇದನ್ನು ಕಲಿಸಿದವರು ಶಿಬಿರಗಳನ್ನು ನೋಡಿಕೊಳ್ಳುತ್ತಿದ್ದ ಖಾದರಬಾಷಾ.

“ಎಲ್ಲಾರೂ ಅಂತ ಬರದಿ ಅಂದ್ರ ಯಾರೂ ಮಾಡಂಗಿಲ್ಲ ಬೇಟಿ. ಒಬ್ಬರ ಹೆಸರ ಹಾಕು. ಅಂವಾ ಖರೇನ ಮಾಡಾಂವ ಇರಬೇಕು, ಅಷ್ಟ.”

ಮೇಲ್ ಸರಿಯಾಗಿದ್ದರೆ ಆಚೆ ಕೋಣೆಯಿಂದಲೇ “ಬರೋಬ್ಬರಿ” ಎಂದು ಕೂಗುತ್ತಿದ್ದರು. ಭಾರಿ ಮಾತಿನ ಮನುಷ್ಯ. ಕುಳಗೇರಿ ಕ್ರಾಸಿನಲ್ಲಿ ಬಸ್ಸಿಗೆ ನಿಂತರೂ ಪಕ್ಕದವರನ್ನು ಮಾತಾಡಿಸಿ ಕಣ್ಣು ತೋರಿಸಿಕೊಳ್ಳಲು ಒಪ್ಪಿಸಿರುತ್ತಿದ್ದರು. ಈಗ ಬಾಗಲಕೋಟೆಯ ದವಾಖಾನೆಯಲ್ಲಿದ್ದರು. ಗಂಟಲಿನ ಬೇನೆ. ಅದರ ಹೆಸರನ್ನು ಕಚೇರಿಯಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಅವರ ಕೆಲಸಗಳನ್ನೆಲ್ಲ ಗುರಪ್ಪನಿಗೆ ವಹಿಸೋಣ ಎಂದು ಮುಖ್ಯಸ್ಥ ಅಂದಾನಪ್ಪನವರು ಇವತ್ತು ತಲೆ ತಗ್ಗಿಸಿಕೊಂಡೇ ಹೇಳಿದ್ದರು.

ಆದರೆ ಮೇಲ್ ಖಾದರಬಾಷಾ ಅವರಿಗೂ ಹೋಗುತ್ತದೆ. ಮಲಗಿದಲ್ಲೇ ಮೊಬೈಲ್ ತೆಗೆದು ತಮ್ಮ ಹೆಸರು ಹುಡುಕುತ್ತಾರೆ. ಎಲ್ಲೂ ಸಿಗದಿದ್ದರೆ, ನೀವಿನ್ನು ವಾಪಸು ಬರುವುದಿಲ್ಲ ಎಂದು ತಾನೇ ಬರೆದಂತಾಗುತ್ತದಲ್ಲ! ಅಲೀಮಾಳ ಬೆರಳು ಮುಂದೆ ಹೋಗಲಿಲ್ಲ. ಹಗುರಾದದ್ದೊಂದನ್ನು ಆರಿಸಿ ಬರೆದಳು: “ಚೊಳಚಗುಡ್ಡದ ಸಾವಂತ್ರವ್ವನಿಗೆ ಫೋನ್ ಮಾಡಿ ಕನ್ನಡಕ ಹಂಚುವ ದಿನ ತಿಳಿಸುವುದು – ಖಾದರಬಾಷಾ, ಗುರುವಾರದೊಳಗೆ.” ಕಳಿಸಿಬಿಟ್ಟಳು.

ಶುಕ್ರವಾರ, ಊರಿನ ಮಹಿಳಾ ಸಂಘ ನೋಡಿಕೊಳ್ಳುವ ಆ ಸಾವಂತ್ರವ್ವನೇ ಫೋನ್ ಹಚ್ಚಿದಳು.

“ಚಷ್ಮಾ ಯಾವಾಗ ಕೊಡ್ತೀರವ್ವಾ? ಮುದುಕರು ದಿನಾ ಬಂದು ಕೇಳ್ತಾರ. ನಿನ್ನಿ ಬ್ಯಾರೆ ಯಾಂವೋ ಮ್ಯಾಲಿಂದ ಮ್ಯಾಲ ಫೋನ್ ಹಚ್ಚಿ ಕಾಡಿದ. ಚಷ್ಮಾ ಇಲ್ದ ನಂಬರ ಕಾಣಂಗಿಲ್ಲ ನನಗ. ಮಾತಿಲ್ಲ ಕತಿಯಿಲ್ಲ, ಬರೇ ಉಸರು. ಕುಡುಕ ಇರಬೇಕಂತ ಬಾಯಿಗೆ ಬಂದಂಗ ಬೈದು ಇಟ್ಟೆ.”

ದಿನ ತಿಳಿಸುತ್ತೇವೆ ಎಂದಷ್ಟೇ ಹೇಳಿ ಅಲೀಮಾ ಫೋನ್ ಇಟ್ಟಳು. ಮೇಲ್ ತೆರೆದರೆ ಖಾದರಬಾಷಾ ಅವರ ಉತ್ತರ ಬಂದಿತ್ತು.

“ಅಲೀಮಾ, ಗಂಟಲಿಗೆ ನಳಿಗೆ ಹಾಕಿದ್ದಾರೆ, ಮಾತು ಹೋಗಿದೆ. ನಿಮಗ್ಯಾರಿಗೂ ತಿಳಿಸಿರಲಿಲ್ಲ. ತಾನೇ ಮಾತಾಡುತ್ತೇನೆಂದು ನನ್ನ ಹೆಂಡತಿ ಜೋಹರಾ ಫೋನ್ ಕೇಳಿದಳು, ನಾನು ಕೊಡಲಿಲ್ಲ. ನನ್ನ ಹೆಸರಿಗಿದ್ದ ಕೆಲಸ, ನೋಡೋಣ ಅಂದುಕೊಂಡೆ. ಆಗಲಿಲ್ಲ. ಮೇಲ್ ತಿದ್ದಿ ಕಳಿಸು. ಗುರಪ್ಪನ ಹೆಸರು ಹಾಕು. ಊರವರು ಕಾಯುತ್ತಿರುತ್ತಾರೆ.”

ಹಿಂದೆ ನಿಂತು ಓದಿದ ಗುರಪ್ಪ ತನ್ನ ಮೊಬೈಲ್ ಕೈಗೆತ್ತಿಕೊಂಡ.

“ಆ ಫೋನ್ ಯಾರದಂತ ಸಾವಂತ್ರವ್ವಗ ಹೇಳ್ಲೇನು?”

“ಬ್ಯಾಡೋ ಯಣ್ಣಾ. ದಿನ ಅಷ್ಟ ಹೇಳು.”

ಅಲೀಮಾ ಒಂದೊಂದೇ ಅಕ್ಷರ ಅಳಿಸಿ ‘ಗುರಪ್ಪ, ಇವತ್ತೇ’ ಎಂದು ಬರೆದಳು. ಯಾರಿಗೆ ಹೋಗಬೇಕೆನ್ನುವ ಸಾಲಿನಲ್ಲಿ ಮಾತ್ರ ಖಾದರಬಾಷಾ ಅವರ ವಿಳಾಸವನ್ನು ಇದ್ದಂತೆಯೇ ಬಿಟ್ಟು ಕಳಿಸಿದಳು.

ಸ್ವಲ್ಪ ಹೊತ್ತಿಗೆ ಉತ್ತರ ಬಂತು. ಒಂದೇ ಮಾತು: “ಬರೋಬ್ಬರಿ.”

ಆಚೆ ಕೋಣೆಯಿಂದ ಗುರಪ್ಪ ಸಾವಂತ್ರವ್ವನಿಗೆ ದಿನ ಹೇಳುತ್ತಿದ್ದುದು ಕೇಳಿಸುತ್ತಿತ್ತು.