ಕೂಡಿಸಿದ ಕ್ರಮಸಂಖ್ಯೆ

ಮೊದಲ ಸ್ಥಾನ ಬಂದಿದ್ದ ಆಯಾಳ ಮಗಳನ್ನು ಶಾಲೆ ಎರಡನೇ ಸ್ಥಾನಕ್ಕೆ ಇಳಿಸಿತು. ಮೊದಲು ಬಂದವರಿಗೆ ಮುಂದಿನ ವರ್ಷ ಫೀಸಿಲ್ಲ.

ಕ್ಲಾಸ್ ಟೀಚರಿಗೆ ಇದು ಗೊತ್ತಾದದ್ದು ಮೂವತ್ತನೇ ನಂಬರಿನ ಹುಡುಗನಿಂದ. ಅಪ್ಪನಿಗೆ ವರ್ಗವಾಗಿ ಪರೀಕ್ಷೆಗೆ ಮೊದಲೇ ಊರು ಬಿಟ್ಟಿದ್ದ ಆ ಪುಣ್ಯಾತ್ಮನ ಅಂಕಪಟ್ಟಿಯಲ್ಲಿ ಆರೂ ವಿಷಯಕ್ಕೆ ಸೊನ್ನೆ, ಒಟ್ಟು ಮೂವತ್ತು, ಶೇಕಡಾ ಐದು. ಷರಾ: 'ಇನ್ನಷ್ಟು ಶ್ರಮ ಬೇಕು.'

"ಮೇಷ್ಟ್ರೇ, ಸೊನ್ನೆಗೆ ಸೊನ್ನೆ ಕೂಡಿಸಿದ್ರೆ ಮೂವತ್ತು ಹೇಗ್ರೀ ಆಗತ್ತೆ?"

"ಲೆಕ್ಕ ಮಾಡಿದ್ದು ಕಂಪ್ಯೂಟರ್, ಅಕ್ಕೋರೇ. ನಾನು ಡ್ರಿಲ್ ಮೇಷ್ಟ್ರು, ಸಾಲಾಗಿ ನಿಲ್ಲಿಸೋದಷ್ಟೇ ನನ್ನ ಕೆಲಸ."

ನಿಲ್ಲಿಸಿದ್ದೇನೋ ನೆಟ್ಟಗೇ ಇತ್ತು. ಟೀಚರ್ ಟೈಪ್ ಮಾಡಿ ಕೊಟ್ಟದ್ದು ಒಬ್ಬೊಬ್ಬರಿಗೆ ಒಂದೊಂದು ಸಾಲು: ಕ್ರಮಸಂಖ್ಯೆ, ಹೆಸರು, ಆರು ಅಂಕ, ನಡುವೆ ಅಲ್ಪವಿರಾಮ. ಮೇಷ್ಟ್ರು ಅಲ್ಪವಿರಾಮ ಇದ್ದಲ್ಲೆಲ್ಲ ಗೆರೆ ಎಳೆಸಿ ಕೋಷ್ಟಕ ಮಾಡಿ, ಕೊನೆಯ ಮನೆಗೆ 'ಎಡಗಡೆ ಇರೋದನ್ನೆಲ್ಲ ಕೂಡಿಸು' ಅಂದಿದ್ದರು. ಅದು ವಿಧೇಯ ಪ್ರಾಣಿ, ಕ್ರಮಸಂಖ್ಯೆಯನ್ನೂ ಕೂಡಿಸಿಬಿಟ್ಟಿತ್ತು. ಒಂದನೇ ನಂಬರಿನ ಆಯಾಳ ಮಗಳ ಐನೂರ ಎಂಬತ್ತಕ್ಕೆ ಸಿಕ್ಕಿದ್ದು ಒಂದೇ ಒಂದು ಅಂಕ. ನಲವತ್ತೊಂದನೇ ನಂಬರಿನ, ಆಡಳಿತ ಮಂಡಳಿ ಅಧ್ಯಕ್ಷರ ಮೊಮ್ಮಗನ ಐನೂರ ಐವತ್ತೆರಡು, ಕೂತಲ್ಲೇ ಐನೂರ ತೊಂಬತ್ಮೂರಾಗಿತ್ತು.

"ಅಯ್ಯಯ್ಯೋ," ಅಂದರು ಮೇಷ್ಟ್ರು. "ನಮ್ಮ ಕಾಲದಲ್ಲಿ ಕೊನೇ ಬೆಂಚಿಗೆ ಈ ಸವಲತ್ತು ಇರಲಿಲ್ಲ ನೋಡಿ!"

ಟೀಚರ್ ಹಾಳೆ ಹಿಡಿದು ಹೆಡ್‌ಮಾಸ್ಟರ ಕೋಣೆಗೆ ಹೋಗಿ ತಪ್ಪು ತೋರಿಸಿದರು. ಅವರು ಆಗಲೇ ಅಧ್ಯಕ್ಷರಿಗೆ ಫೋನ್ ಮಾಡಿ ಅಭಿನಂದನೆ ಹೇಳಿಯಾಗಿತ್ತು. ಮೊದಲ ಸ್ಥಾನದ ಕಪ್ಪಿನ ಮೇಲೆ ಮೊಮ್ಮಗನ ಹೆಸರು ಕೆತ್ತಿಸಲು ಜವಾನ ಹೊರಟೂ ಆಗಿತ್ತು.

"ಎಲ್ಲರಿಗೂ ಅವರವರ ನಂಬರೇ ಕೂಡಿದೆ ತಾನೇ? ಒಂದೇ ನಿಯಮ. ಭೇದಭಾವ ಎಲ್ಲಿ ಬಂತಮ್ಮಾ?"

"ಸರ್, ಅವಳಿಗೆ ಒಂದು, ಅವನಿಗೆ ನಲವತ್ತೊಂದು."

"ಅದು ಅವಳ ಹಣೆಬರಹ. ಮೊದಲು ಬಂದು ಸೇರ್ಕೊಂಡಿದ್ದು ಯಾರ ತಪ್ಪು?"

ಕಿಟಕಿಯಾಚೆ ಆಯಾ ಅಧ್ಯಕ್ಷರ ಕುರ್ಚಿಯ ಧೂಳು ಕೊಡವುತ್ತಿದ್ದಳು. ಮಗಳ ಅಂಕ ಕೇಳಿ ಅವಳೇ ಮೊದಲೆಂದುಕೊಂಡು, ಫೀಸಿನ ಚಿಂತೆ ತಪ್ಪಿತು ಎಂದು ಬೆಳಿಗ್ಗೆಯಿಂದ ಹಾಡು ಗುನುಗುತ್ತಲೇ ಇದ್ದಳು. ಟೀಚರ್ ಹಾಳೆಯನ್ನು ಮೇಜಿನ ಮೇಲೆ ಬಿಡಿಸಿಟ್ಟರು.

"ಕ್ರಮಸಂಖ್ಯೆಯ ಮನೆ ಬಿಟ್ಟು ಅಂಕ ಮಾತ್ರ ಕೂಡಿಸಿದ್ರೆ ಮುಗೀತು ಸರ್. ಆರುನೂರರಿಂದ ಭಾಗಿಸಿದ್ರೆ ಶೇಕಡಾ ಸರಿಹೋಗತ್ತೆ, ಷರಾನೂ ಸರಿಹೋಗತ್ತೆ. ಅರ್ಧ ಗಂಟೆ ಕೆಲಸ."

"ಷರಾ ಸರಿಹೋಗತ್ತೆ, ನನ್ನ ಕುರ್ಚಿ?" ಹೆಡ್‌ಮಾಸ್ಟರು ಅಂಕಪಟ್ಟಿಗಳ ಕಟ್ಟನ್ನು ಮುಂದೆ ತಳ್ಳಿ ಪೆನ್ನಿನ ಮುಚ್ಚಳ ತೆಗೆದುಕೊಟ್ಟರು. "ಸುಮ್ನೆ ಸಹಿ ಹಾಕಮ್ಮಾ."

ಟೀಚರ್ ಪೆನ್ನಿಗೆ ಮುಚ್ಚಳ ಹಾಕಿ, ಮೇಜಿನ ಮೇಲಿಟ್ಟರು.

"ಆ ಮೂವತ್ತನೇ ನಂಬರಿನವನ ಕೈಲಿ ಹಾಕಿಸ್ಕೊಳ್ಳಿ ಸರ್. ಅವನು ಬರದೇನೇ ಎಲ್ಲ ಮಾಡ್ತಾನೆ. ನಾನು ಹಾಕಲ್ಲ."