ವಹಾಬನ ಗುರುವಾರ

ಶಹಾಪುರದ ಕಸ್ತೂರಿಯಕ್ಕ ಭಾನುವಾರ ಸಂಜೆ ತನ್ನ ಹೊಲಿಗೆ ಅಂಗಡಿಯಲ್ಲಿ ಗುಂಡಿ ಹಚ್ಚುತ್ತ, ತಲೆಯೊಳಗಿನ ಕೆಲಸವನ್ನೆಲ್ಲ ಬಾಯಿಗೆ ಬಂದಂತೆ ಸುರಿಯುವಳು. ಡಿಗ್ರಿ ಮುಗಿಸಿ ಅಲ್ಲಿ ಕೆಲಸಕ್ಕೆ ಸೇರಿದ್ದ ಗುಲಫಶಾ ತಲೆ ತಗ್ಗಿಸಿ ಬರೆದುಕೊಳ್ಳುವಳು.

“ಸಾಲಿ ಯೂನಿಫಾರ್ಮ್ ಬಟ್ಟಿ ಯಾದಗಿರಿಂದ ತರಬೇಕು. ನಾಳಿ ಬಿಟ್ಟು ಮುಂದಿನ ಸೋಮವಾರ ಕೊಡಲಿಲ್ಲಂದ್ರ ಆ ಸಾಲಿ ಆರ್ಡರ್ ಕೈಬಿಟ್ಟಂಗ. ಕಲ್ಯಾಣಮ್ಮನ ಜಂಪರ್ ಹೊಲೀಬೇಕು. ಮಷಿನ್ ಬೆಲ್ಟ್. ಸುರಪುರದ ಹೊಲಿಗಿ ಕ್ಲಾಸಿನ ಹುಡುಗ್ಯಾರ ಹೆಸರು ಬರಕೋಬೇಕು. ಗುರುವಾರ ಸೈದಾಪುರದಾಗ ನಮ್ಮ ವಹಾಬಣ್ಣನ ತಂಗಿ ಮಗಳ ಮದವಿ, ಸೀರಿ ಒಯ್ಯಬೇಕು. ಎಲ್ಲಾ ಅರ್ಜೆಂಟ್ ಅಂತ ಬರಿ!”

ಗುಲಫಶಾ ಮೆಲ್ಲಗೆ ಕೇಳಿದಳು: “ಈ ವಾರ ಮಾಡಲಿಲ್ಲಂದ್ರ ಯಾರು ಬಂದು ಬಾಗಲ್ದಾಗ ನಿಂದರ್ತಾರಕ್ಕ?”

ಅಕ್ಕ ನಕ್ಕಳು. “ಸಾಲಿ ಹೆಡ್‌ಮಾಸ್ತರ ನಿಂದರ್ತಾನ. ಕಲ್ಯಾಣಮ್ಮ ನಿಂದರಲ್ಲ, ಒಳಗ ಬಂದು ಕುಂದರ್ತಾಳ.”

ಮರುದಿನ ಬೆಳಿಗ್ಗೆ ಗುಲಫಶಾ ಬರೆದ ಹಾಳೆ ಗೋಡೆಗೇರಿತು. ಯೂನಿಫಾರ್ಮ್, ಗಿರಾಕಿಗಳು, ಕ್ಲಾಸು, ಮನೆ ಎಂದು ನಾಲ್ಕು ಗುಂಪು. ಪ್ರತಿ ಗುಂಪಿನಲ್ಲೂ ತಡೆಯದ ಕೆಲಸ ಮೇಲೆ, ತಡೆದರೂ ನಡೆಯುವುದು ಕೆಳಗೆ, ಪಕ್ಕದಲ್ಲಿ ವಾರದ ಹೆಸರು. ಯೂನಿಫಾರ್ಮ್ ಬಟ್ಟೆ ಬುಧವಾರ, ಕಟಿಂಗ್ ಗುರುವಾರ. ಮದುವೆ ಸೀರೆ ಮನೆಯ ಗುಂಪಿನಲ್ಲಿತ್ತು.

“ಭಾಳ ಚಂದ ಆಗ್ಯಾದ” ಎಂದಳು ಅಕ್ಕ.

ಚಂದವೇನೋ ಆಗಿತ್ತು. ಆದರೆ ಪ್ರತಿಯೊಂದು ಕೆಲಸದ ಮುಂದೆ ಅದನ್ನು ಮಾಡುವವರ ಹೆಸರು ಬರೆಯುತ್ತ ಹೋದ ಗುಲಫಶಾಳ ಪೆನ್ನು ಕಟಿಂಗ್ ಸಾಲಿನ ಮುಂದೆ ನಿಂತುಬಿಟ್ಟಿತು. ಅಂಗಡಿಗೆ ಕಟಿಂಗ್ ಮಾಸ್ಟರ್ ವಹಾಬ ಒಬ್ಬನೇ. ಅವನು ಬಾಯಿಬಿಟ್ಟು ರಜೆ ಕೇಳಿದವನಲ್ಲ; ಮದುವೆಗೆ ಕರೆದನೆಂದರೆ ಅದೇ ಅವನ ರಜೆ ಅರ್ಜಿ. ಸೀರೆ ಒಂದು ಗುಂಪಿನಲ್ಲಿ, ಕತ್ತರಿ ಇನ್ನೊಂದು ಗುಂಪಿನಲ್ಲಿ. ಎರಡಕ್ಕೂ ಗುರುವಾರ ಒಂದೇ ಎಂದು ಅವಳಿಗೆ ಹೊಳೆದೇ ಇರಲಿಲ್ಲ.

ಅಂಗಡಿ ತುಂಬ ಗಿರಾಕಿಗಳು. ಅಷ್ಟು ಜನರ ಮುಂದೆ ಮಾತಾಡುವುದೆಂದರೆ ಗುಲಫಶಾಳಿಗೆ ಸಂಕೋಚ. ಆದರೂ ಅಕ್ಕನ ಕಡೆ ತಿರುಗಿ ಅಂದಳು: “ಅಕ್ಕಾ, ಗುರುವಾರ ಕಟಿಂಗ್ ಆಗಂಗಿಲ್ರಿ. ವಹಾಬ ಮಾಮಾ ಮದವ್ಯಾಗ ಇರ್ತಾರ.”

ಮೇಜಿನಾಚೆ ವಹಾಬ ಅಳತೆ ಟೇಪನ್ನು ಕೊರಳಿಗೆ ಹಾಕಿಕೊಂಡು ಗೋಡೆ ನೋಡಿದ. “ಕಾರ್ಡ್ ಕೊಟ್ಟೇನಲ್ಲವಾ!”

“ಕಾರ್ಡಿನ್ಯಾಗ ಬಿರಿಯಾನಿ ನೋಡಿದ್ನೋ ಮಾರಾಯಾ, ರಜಾ ನೋಡಲಿಲ್ಲ!” ಅಕ್ಕ ಹಣೆ ಬಡಿದುಕೊಂಡಳು. “ಈಗೇನು ಮಾಡೂದು?”

“ಈಗ್ಲೇ ಯಾದಗಿರಿ ಬಸ್ ಹತ್ರಿ” ಅಂದಳು ಗುಲಫಶಾ. “ ನಾಳಿ, ನಾಡಿದ್ದ ಕಟಿಂಗ್ ಆಗ್ತದ. ಅದಕ್ಕ ಕಲ್ಯಾಣಮ್ಮಾರ ಜಂಪರ್ ಮುಂದಿನ ವಾರಕ್ಕ ತಳ್ಳೂದು.”

“ಆಕಿಗಿ ಯಾರು ಹೇಳಬೇಕು? ಆಕಿ ಮುಂದ ನನ್ನ ಬಾಯೇ ಏಳಂಗಿಲ್ಲ.”

ಎಲ್ಲರೂ ಗುಲಫಶಾಳನ್ನೇ ನೋಡಿದರು. ಫೋನೆಂದರೆ ಅವಳಿಗೆ ಜೀವ ಹೋದಂತೆ. ಆದರೂ ನಂಬರ್ ಒತ್ತಿದಳು. ಕಲ್ಯಾಣಮ್ಮ ಬೈದಳು, ಗುಲಫಶಾ “ಹೌದ್ರಿ” ಅಂದಳು. ಮತ್ತೆ ಬೈದಳು; ಮತ್ತೆ “ಹೌದ್ರಿ, ಮುಂದಿನ ಬುಧವಾರ ಖರೇನ ಕೊಡ್ತೀವಿ” ಅಂದಳು.

ಅಷ್ಟರಲ್ಲಿ ಅಕ್ಕ ಚಪ್ಪಲಿ ಮೆಟ್ಟಿ ಬಸ್ ಸ್ಟ್ಯಾಂಡಿನ ದಾರಿ ಹಿಡಿದಿದ್ದಳು. ವಹಾಬ ಕತ್ತರಿಗೆ ಸಾಣೆ ಹಿಡಿಯತೊಡಗಿದ.