ಬೊಮ್ಮಿಯ ಪಥ್ಯ

"ನಾಯೀನ ಕೊಲ್ತಿರೋದು ಕಾಮಾಲೆ ಅಲ್ಲ ಅತ್ತಿಗೆ, ನಿಮ್ಮ ಗಂಜಿ!"

"ನಿನ್ನ ಗಂಡನಿಗೆ ಕಾಮಾಲೆ ಆದಾಗ ಇದೇ ಗಂಜಿ, ಇದೇ ನೆಲನೆಲ್ಲಿ ರಸ ಕೊಟ್ಟು ಉಳಿಸಿದ್ದು ಯಾರು? ನಾಯಿಗೇನು ಬೇರೆ ಹೊಟ್ಟೆ ಇದೆಯಾ?"

ಚಾಲೈ ಪೇಟೆಯ ಹಿಂದಿನ ನಾಯಿ ಡಾಕ್ಟರರ ವರಾಂಡದಲ್ಲಿ ಕೂತಿದ್ದವರೆಲ್ಲ ತಿರುಗಿ ನೋಡಿದರು. ಮೊದಲು ಕೂಗಿದ ಶಾಂತಾಗೆ ಅದರ ಪರಿವೆಯೇ ಇರಲಿಲ್ಲ. ಗಂಡ ನಟರಾಜ ರಾಕೆಟ್ ಕೇಂದ್ರದ ಕೆಲಸದ ಮೇಲೆ ಊರು ಬಿಟ್ಟಿದ್ದ. ಅವನ ಅಕ್ಕ ಕೌಸಲ್ಯಾ ಮೈಸೂರಿಂದ ಬಂದವರೇ ಅಡುಗೆಮನೆಯ ಯಜಮಾನಿಕೆ ಹಿಡಿದಿದ್ದರು. ಮನೆಯ ನಾಯಿ ಬೊಮ್ಮಿಯ ವಸಡು ಅರಿಶಿನ ಬಳಿದಂತೆ ಕಂಡ ದಿನದಿಂದ ಅದಕ್ಕೆ ಹಾಲಿಲ್ಲ, ಬೇಳೆಯಿಲ್ಲ, ಉಪ್ಪಿಲ್ಲ. ಈಗ ನಾಯಿ ಗಂಜಿಯನ್ನೂ ಮೂಸುತ್ತಿರಲಿಲ್ಲ. ಬೆನ್ನೆಲುಬು ಬೆರಳಿಗೆ ಸಿಗುತ್ತಿತ್ತು.

ಹೆಂಗಸರನ್ನೆಲ್ಲ ಚೇಚಿ, ಅಂದರೆ ಅಕ್ಕ, ಎಂದೇ ಕರೆಯುವ ಮಲಯಾಳಿ ಡಾಕ್ಟರ್ ಜೋಸೆಫ್ ಬೊಮ್ಮಿಯ ತುಟಿ ಮೇಲೆತ್ತಿ ನೋಡಿದರು, ಕಣ್ಣಿನ ಬಿಳಿ ನೋಡಿದರು, ಹೊಟ್ಟೆ ಒತ್ತಿದರು, ರಕ್ತ ತೆಗೆದರು.

"ರಕ್ತದ ಕಣ ಒಡೆದರೂ ಹಳದಿ ಆಗುತ್ತೆ ಚೇಚಿ. ಉಣ್ಣಿ ಹುಳ ಕಚ್ಚಿ ಹಾಗಾಗೋದುಂಟು. ಮೊದಲು ಅದಲ್ಲ ಅಂತ ಗೊತ್ತಾಗಬೇಕು."

ಮಾರನೆಯ ದಿನ ಅದಲ್ಲವೆಂದು ಗೊತ್ತಾಯಿತು. ರಕ್ತದಲ್ಲಿ ಲಿವರಿನ ಕಿಣ್ವಗಳೂ ಪಿತ್ತದ ಬಣ್ಣವೂ ಏರಿದ್ದವು. ಆಮೇಲೆ ಹೊಟ್ಟೆಯ ಕೂದಲು ಬೋಳಿಸಿ, ಅಂಟಂಟು ಜೆಲ್ ಹಚ್ಚಿ, ಸ್ಕ್ಯಾನ್ ಮಾಡಿದರು.

ಶಾಂತಾ ಮುಂದಕ್ಕೆ ಬಗ್ಗಿ ನೋಡಿದಳು. ಬೂದು ಪರದೆಯಲ್ಲಿ ಬೊಮ್ಮಿಯ ಲಿವರ್! ನಾಯಿ ಉಸಿರಾಡಿದಂತೆಲ್ಲ ಅದೂ ಏರಿ ಇಳಿಯುತ್ತಿತ್ತು. ಮಧ್ಯೆ ಪಿತ್ತಕೋಶ, ಮಳೆಹನಿಯಷ್ಟು ನುಣುಪು, ಕಡುಗಪ್ಪು. ಒಲೆಯಿಲ್ಲದ ಆ ಕತ್ತಲೆಯಲ್ಲಿ ಹಗಲೂ ರಾತ್ರಿ ಅಡುಗೆ ನಡೆದಿದೆ, ತನ್ನ ಕಾಲಬುಡದಲ್ಲೇ ಮಲಗುವ ಪ್ರಾಣಿಯೊಳಗೆ!

"ಪಿತ್ತದ ದಾರಿ ಕಟ್ಟಿಲ್ಲ. ಲಿವರ್ ಊದಿದೆ, ಅಷ್ಟೇ," ಎಂದರು ಜೋಸೆಫ್. "ಮುಕ್ಕಾಲು ಪಾಲು ಕೆಟ್ಟರೂ ಉಳಿದದ್ದು ಮತ್ತೆ ಬೆಳೀಬಹುದು."

"ಬೆಳೆಯುತ್ತಾ? ಹೊಸದಾಗಿ?"

"ಬೆಳೆಯುತ್ತೆ. ಆದರೆ ಕಟ್ಟೋಕೆ ಸಾಮಾನು ಬೇಕಲ್ಲ? ಲಿವರಿನ ವಿಷ ತಲೆಗೇರಿ ತೂರಾಡಿದರೆ, ಗೋಡೆಗೆ ಹಣೆ ಒತ್ತಿ ನಿಂತರೆ ಆಗ ಪ್ರೋಟೀನ್ ಕಡಿಮೆ ಮಾಡ್ತೀವಿ. ಇದಕ್ಕೆ ಅದೇನೂ ಇಲ್ಲ. ಹಾಲು ಒಡೆಸಿ, ಆ ಗಡ್ಡೇನ ಮೆತ್ತಗಿನ ಅನ್ನಕ್ಕೆ ಕಲಸಿ ಕೊಡಿ. ಸ್ವಲ್ಪಸ್ವಲ್ಪ, ಹಲವು ಸಲ. ಆ ನೆಲನೆಲ್ಲಿ ರಸ ನಿಲ್ಲಿಸಿ."

ಡ್ರಿಪ್ಪು, ವಾಂತಿ ನಿಲ್ಲುವ ಇಂಜೆಕ್ಷನ್ನು ಮುಗಿಸಿಕೊಂಡು ಬೊಮ್ಮಿ ಮನೆಗೆ ಬಂದ ಬೆಳಿಗ್ಗೆ ಶಾಂತಾ ಕುದಿಯುವ ಹಾಲಿಗೆ ನಿಂಬೆ ಹಿಂಡಲು ಹೋದಳು.

ಕೌಸಲ್ಯಾ ಅವಳ ಕೈ ಹಿಡಿದರು. "ಹಾಲನ್ನ ಬೇಕಂತಲೇ ಒಡೆಸ್ತೀಯಾ? ಮನೆ ಮುರಿಯೋ ಕೆಲಸ! ನಮ್ಮ ಮನೇಲಿ ಯಾರೂ ಮಾಡಿಲ್ಲ."

"ಕೈ ಬಿಡಿ ಅತ್ತಿಗೆ."

"ನಾಯಿಗೋಸ್ಕರ?"

"ಹೂಂ, ನಾಯಿಗೋಸ್ಕರ."

ನಿಂಬೆ ಹಿಂಡಿದಳು. ಹಾಲು ಬಿರಿದು ಬೆಳ್ಳಗೆ ಗಡ್ಡೆ ಕಟ್ಟಿತು. ನೀರು ಸೋಸಿ, ಅನ್ನಕ್ಕೆ ಕಿವುಚಿ, ಆರಿಸಿ, ಬೆರಳ ತುದಿಯಲ್ಲಿ ಹಿಡಿದಳು.

ಬೊಮ್ಮಿ ಮೂಸಿತು. ಮುಖ ತಿರುಗಿಸಿತು. ಮತ್ತೆ ಮೂಸಿತು. ಆಮೇಲೆ ನಾಲಿಗೆ ಚಾಚಿ ನೆಕ್ಕಿತು, ಇನ್ನೊಂದು ತುತ್ತಿಗೆ ಬೆರಳನ್ನೇ ತಳ್ಳಿತು. ಶಾಂತಾ ನೆಲದ ಮೇಲೆ ಕುಕ್ಕರಗಾಲಲ್ಲಿ ಅಲ್ಲಾಡದೆ ಕೂತಳು. ಆ ತುತ್ತು ಇಳಿದು ಒಳಗಿನ ಕತ್ತಲೆಯಲ್ಲಿ ಮಾಂಸವಾಗುತ್ತದೆ ಎಂಬುದನ್ನು ನೆನೆದು ಅವಳಿಗೆ ಮೈ ಜುಮ್ಮೆಂದಿತು.

"ತಮ್ಮ ಬಂದರೆ ಹೇಳು, ಈ ಮನೆ ನೀರು ನನಗೆ ಸಾಕು," ಎಂದರು ಕೌಸಲ್ಯಾ. ಚೀಲ ಎತ್ತಿಕೊಂಡು ಗೇಟು ದಾಟಿ ಆಟೋ ಕೂಗಿದರು. ಮತ್ತೆಂದೂ ಅವರು ಆ ಮನೆಯ ಮೆಟ್ಟಿಲು ಹತ್ತಲಿಲ್ಲ.